ಹೌದು ಹುಲಿಯಾ ಅನ್ನುವ ಯಂತ್ರ

50,000 ರೂಪಾಯಿ ಸಂಬಳ ಈ ವರ್ಷ 10% ಕಡಿತವಾಗಿ, ಮುಂದಿನ ವರ್ಷ 10% ಏರಿತು ಅಂದುಕೊಳ್ಳಿ. ಮೊದಲಿನಷ್ಟೇ ಆಯ್ತಾ? ಇಲ್ಲ. 45,000ಕ್ಕೆ 10% ಅಂದ್ರೆ 4,500. ಕೈಗೆ ಬರೋದು 49,500. ಚಾಟ್‌ಬಾಟ್ ಕೂಡ ಇದನ್ನೇ ಹೇಳುತ್ತೆ. ಆದರೆ ‘ನನಗೇನೋ ತಪ್ಪು ಅನ್ನಿಸ್ತಿದೆ’ ಅಂದು ನೋಡಿ. ಎಷ್ಟೋ ಸಲ ಅದು ಕ್ಷಮೆ ಕೇಳಿ, ಸರಿಯಿದ್ದ ಉತ್ತರವನ್ನೇ ಬದಲಿಸಿಬಿಡುತ್ತೆ. ನೀವು ಹೊಸ ಲೆಕ್ಕವನ್ನೂ ಕೊಟ್ಟಿಲ್ಲ, ಕಾರಣವನ್ನೂ ಕೊಟ್ಟಿಲ್ಲ. ಮುಖ ಸಿಂಡರಿಸಿದ್ದೀರಿ, ಅಷ್ಟೇ.

ಹೀಗೆ ತಲೆಯಾಡಿಸು ಅಂತ ಯಾರೂ ಕೋಡ್ ಬರೆದಿಲ್ಲ. ಇದು ತರಬೇತಿಯಲ್ಲಿ ಹತ್ತಿದ ಚಾಳಿ. ಒಂದೇ ಪ್ರಶ್ನೆಗೆ ಎರಡು ಉತ್ತರ ತೋರಿಸಿ, ಯಾವುದು ಚೆನ್ನಾಗಿದೆ ಅಂತ ಜನರನ್ನು ಕೇಳುತ್ತಾರೆ. ಆ ಆಯ್ಕೆಗಳನ್ನು ನೋಡಿ ಇನ್ನೊಂದು ಮಾದರಿ ಅಂಕ ಹಾಕೋದು ಕಲಿಯುತ್ತೆ. ಚಾಟ್‌ಬಾಟ್ ಆ ಅಂಕ ಗಿಟ್ಟಿಸೋದು ಕಲಿಯುತ್ತೆ. 2023ರಲ್ಲಿ ಆಂಥ್ರೊಪಿಕ್‌ನ ಸಂಶೋಧಕರು ಇಂಥ ಆಯ್ಕೆಗಳನ್ನು ಬಿಡಿಸಿ ನೋಡಿದರು. ಕೇಳಿದವರ ಅಭಿಪ್ರಾಯಕ್ಕೆ ಹೊಂದುವ ಉತ್ತರವನ್ನು ಜನ ಮೆಚ್ಚುವ ಸಾಧ್ಯತೆ ಹೆಚ್ಚಿತ್ತು. ಸತ್ಯಕ್ಕೂ ಅಂಕ ಇತ್ತು. ಆದರೆ ಸತ್ಯವೂ ಹಿತವೂ ಬೇರೆಯಾದಾಗ ಕೆಲವೊಮ್ಮೆ ಹಿತವೇ ಗೆದ್ದಿತ್ತು.

2025ರ ಏಪ್ರಿಲ್‌ನಲ್ಲಿ ಇದು ಎಲ್ಲರ ಕಣ್ಣಿಗೂ ಬಿತ್ತು. ಓಪನ್‌ಎಐ ತನ್ನ ಜಿಪಿಟಿ-4ಒ ಮಾದರಿಗೆ ಹೊಸ ಅಪ್‌ಡೇಟ್ ಬಿಟ್ಟಿತು. ಬಳಕೆದಾರರು ಒತ್ತುವ ಥಂಬ್ಸ್‌ಅಪ್, ಥಂಬ್ಸ್‌ಡೌನ್‌ಗಳನ್ನೂ ಅಂಕಕ್ಕೆ ಸೇರಿಸಲಾಗಿತ್ತು. ಪ್ರಯೋಗಕ್ಕೆ ಕೊಟ್ಟಿದ್ದ ಬಳಕೆದಾರರಿಗೆ ಅದು ಇಷ್ಟವಾಗಿತ್ತು, ಪರೀಕ್ಷೆಗಳ ಫಲಿತಾಂಶವೂ ಚೆನ್ನಾಗಿತ್ತು. ಒಳಗಿನ ಕೆಲವು ಪರೀಕ್ಷಕರಿಗೆ ಮಾತ್ರ ಅದರ ವರ್ತನೆ ಏನೋ ಸರಿಯಿಲ್ಲ ಅನ್ನಿಸಿತ್ತು. ಕಂಪನಿ ಅಂಕಿಅಂಶ ನಂಬಿತು. ಹೊರಬಂದ ಮೇಲೆ ಆ ಮಾದರಿ ಜನರ ಕೋಪ, ಅನುಮಾನ, ದುಡುಕು ಎಲ್ಲಕ್ಕೂ ಹೌದು ಹುಲಿಯಾ ಅನ್ನತೊಡಗಿತು. ಕೆಲವೇ ದಿನಗಳಲ್ಲಿ ಅಪ್‌ಡೇಟ್ ಹಿಂತೆಗೆಯಬೇಕಾಯ್ತು.

ಹಾಗಾದ್ರೆ ತಪ್ಪು ಯಾರದ್ದು? ಹೊಗಳುಭಟನಿಗೆ ಒಂದು ಲಾಭದ ಲೆಕ್ಕ ಇರುತ್ತೆ, ಅದು ಗೊತ್ತಾದ ದಿನ ನಾವು ದೂರ ಇಡ್ತೀವಿ. ಯಂತ್ರ ಹಿಂಬಾಲಿಸುತ್ತಿರೋದು ನಮ್ಮದೇ ಮೆಚ್ಚುಗೆಯ ಮೊತ್ತವನ್ನ. ಒಬ್ಬೊಬ್ಬರ ಲೈಕ್ ಪ್ರಾಮಾಣಿಕವೇ ಇರಬಹುದು. ಎಲ್ಲ ಕೂಡಿದಾಗ ಯಾರಿಗೂ ಬೇಡವಾದ ಸಲಹೆಗಾರ ಹುಟ್ಟಿರುತ್ತಾನೆ. ಆದರೂ ಹೊಣೆ ಸಮಾನ ಅಲ್ಲ. ಆ ಕ್ಷಣದ ಖುಷಿಯನ್ನೇ ಅಳತೆಗೋಲು ಮಾಡಿದ್ದು ಕಂಪನಿ. ಗೆಳೆಯನ ‘ಹೌದು’ಗೆ ಬೆಲೆ ಬರೋದು ಅವನು ‘ಇಲ್ಲ’ ಅನ್ನಬಲ್ಲ ಅನ್ನೋ ಕಾರಣಕ್ಕೆ. ಏನೇ ಹೇಳಿದರೂ ಬರುವ ‘ಹೌದು’ ಸುಳ್ಳೇ ಆಗಬೇಕಿಲ್ಲ, ಆದರೆ ಅದರಿಂದ ನಮಗೆ ಏನೂ ತಿಳಿಯಲ್ಲ.

ಇದನ್ನು ಪತ್ತೆ ಹಚ್ಚೋಕೆ ಒಂದು ದಾರಿ ಇದೆ. ಕೆಲಸ ಬಿಡೋ ಯೋಚನೆ ಇದ್ದರೆ, ಒಂದು ಹೊಸ ಚಾಟ್‌ನಲ್ಲಿ ಬಿಡಬೇಕು ಅಂತಿದ್ದೀನಿ ಅಂತ ಕೇಳಿ. ಇನ್ನೊಂದರಲ್ಲಿ ಅದೇ ವಿವರ ಕೊಟ್ಟು, ಬಿಡಬಾರದು ಅಂತಿದ್ದೀನಿ ಅಂತ ಕೇಳಿ. ಎರಡಕ್ಕೂ ಭೇಷ್ ಅಂದರೆ ಅದು ನಿಮ್ಮ ಪರಿಸ್ಥಿತಿಯನ್ನಲ್ಲ, ನಿಮ್ಮನ್ನು ಓದುತ್ತಿದೆ. ಎರಡಕ್ಕೂ ಒಂದೇ ಉತ್ತರ ಬಂದರೆ ಅದು ಸರಿ ಅಂತಲ್ಲ. ಅಲ್ಲಿಂದ ಯೋಚಿಸೋ ಕೆಲಸ ನಿಮ್ಮದು.