ಹರಿದದ್ದು ಕಣಕ, ತಪ್ಪು ಯಾರದು?

ಯುಗಾದಿಯ ದಿನ ಕಾವಲಿಯ ಮೇಲೆ ಒಬ್ಬಟ್ಟು ಒಡೆದು, ಹೂರಣ ಹೊರಬಂದು ಸೀದರೆ ಬೈಗುಳವೆಲ್ಲ ಕಣಕಕ್ಕೇ. ಸರಿಯಾಗಿ ನಾದಿಲ್ಲ, ಮೈದಾ ಚೆನ್ನಾಗಿಲ್ಲ ಎನ್ನುತ್ತೇವೆ. ಕಣ್ಣಿಗೆ ಕಾಣುವಂತೆ ಹರಿದದ್ದು ಅದೇ ಆದ್ದರಿಂದ ತೀರ್ಪೂ ಬೇಗ ಬಂದುಬಿಡುತ್ತದೆ. ನನಗೋ, ಹತ್ತರಲ್ಲಿ ಏಳು ಸಲ ತಪ್ಪು ಒಳಗಿನ ಹೂರಣದ್ದೇ ಅನಿಸುತ್ತದೆ.

ಹೂರಣ ಕೆಡುವುದು ಎಲ್ಲಿ? ಬೇಳೆ ಬೇಯಿಸುವಲ್ಲೇ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಹಿಸುಕಿಹೋಗಬೇಕು, ಆದರೆ ಪಾತ್ರೆಯಲ್ಲಿ ಬೇಳೆ ಬೇಳೆಯಾಗಿಯೇ ಕಾಣಬೇಕು. ಕುಕ್ಕರಿನಲ್ಲಿ ಒಂದು ಕೂಗು ಹೆಚ್ಚಾದರೆ ಅದು ನೀರು ಕುಡಿದು ಗಂಜಿಯಾಗುತ್ತದೆ. ಬೇಯದೆ ಉಳಿದ ಬೇಳೆಗೆ ಬೆಲ್ಲ ಬಿದ್ದರೆ ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗದು. ರುಬ್ಬಿದರೂ ಉಳಿಯುವ ಆ ನುಚ್ಚು ತೆಳುವಾದ ಕಣಕವನ್ನು ಒಳಗಿನಿಂದ ಚುಚ್ಚುತ್ತದೆ. ಬೆಂದ ಬೇಳೆಯನ್ನು ಬಸಿದು, ಕಟ್ಟನ್ನು ಸಾರಿಗೆ ಎತ್ತಿಡಬೇಕು. ಕಾಲು ಕಿಲೋ ಬೇಳೆಗೆ ಅಷ್ಟೇ ಬೆಲ್ಲ ಹಾಕಿದಾಗ ಬೆಲ್ಲ ಕರಗಿ ಎಲ್ಲ ಮತ್ತೆ ನೀರಾಗುತ್ತದೆ. ಬಾಣಲೆಯ ಮುಂದೆ ನಿಂತು ಆ ನೀರು ಆರುವವರೆಗೂ ಕೈಯಾಡಿಸಬೇಕು. ಹಬ್ಬದ ಬೆಳಗಿನ ಗಡಿಬಿಡಿಯಲ್ಲಿ ನಾವು ಕದಿಯುವುದು ಇದೇ ಹತ್ತು ನಿಮಿಷವನ್ನು. ಬಿಸಿಯಲ್ಲಿ ತುಸು ಸಡಿಲವಾಗಿದ್ದರೆ ಚಿಂತೆಯಿಲ್ಲ, ಆರಿದ ಮೇಲೆ ಗಟ್ಟಿಯಾಗುತ್ತದೆ. ಏಲಕ್ಕಿ ಹಾಕಿ ನುಣ್ಣಗೆ ರುಬ್ಬಿ ಉಂಡೆ ಕಟ್ಟಿದಾಗ ಅದು ಅಂಗೈಯಲ್ಲಿ ದುಂಡಗೆ ಕೂತರೆ ಸರಿ. ಚಪ್ಪಟೆಯಾಗಿ ಹರಡಿದರೆ ಮುಂದೆ ಆಗುವುದನ್ನು ಆಗಲೇ ಹೇಳಿತೆಂದು ತಿಳಿಯಬೇಕು.

ಕಣಕ ಕೇಳುವುದು ಬಿಡುವನ್ನು. ಮೈದಾಕ್ಕೆ ಒಂದಿಷ್ಟು ಚಿರೋಟಿ ರವೆ, ಚಿಟಿಕೆ ಅರಿಶಿನ, ಉಪ್ಪು ಸೇರಿಸಿ, ಚಪಾತಿ ಹಿಟ್ಟಿಗಿಂತ ಸಡಿಲವಾಗಿ, ಕೈಗೆ ಅಂಟುವಷ್ಟು ಕಲಸಿ ನಾದಬೇಕು. ಮೇಲೆ ಧಾರಾಳವಾಗಿ ಎಣ್ಣೆ ಹೊಯ್ದು ಎರಡು ಗಂಟೆ ಮುಚ್ಚಿಡಬೇಕು. ನಾದಿದ ಹಿಟ್ಟಿನಲ್ಲಿ ಒಂದು ಬಿಗಿ ಹುಟ್ಟಿರುತ್ತದೆ. ಎಳೆದರೆ ಹಿಂದಕ್ಕೆ ಜಗ್ಗುತ್ತದೆ. ಅದನ್ನು ಬಲದಿಂದ ಬಿಡಿಸಲಾಗುವುದಿಲ್ಲ, ತಾನಾಗಿ ಬಿಡಬೇಕು. ನೆನೆದ ಕಣಕ ಹರಿಯದೆ ಬೆರಳ ಹಿಂದೆಯೇ ಸಾಗಿ ಬರುತ್ತದೆ. (ಎಣ್ಣೆಗೆ ಜಿಪುಣತನ ಮಾಡುವವರು ಆ ದಿನ ಪಾಯಸ ಮಾಡಿಕೊಳ್ಳುವುದು ಲೇಸು.)

ಇಷ್ಟಾದರೂ ಎರಡೂ ಒಂದೇ ಹದಕ್ಕೆ ಬಂದಿರಬೇಕು. ಹೂರಣ ಗಟ್ಟಿ, ಕಣಕ ಮೆದು ಆದರೆ ತಟ್ಟುವಾಗ ಕಣಕ ಮಾತ್ರ ಅಂಚಿಗೆ ಓಡಿ, ನಡುವೆ ಹೂರಣದ ಗಡ್ಡೆ ನಿಲ್ಲುತ್ತದೆ. ಒಂದಕ್ಕಿಂತ ಒಂದು ಚೆನ್ನಾಗಿದ್ದೂ ಜೊತೆಯಾಗಿ ಕೆಟ್ಟಂತೆ. ಆಗ ಹೂರಣಕ್ಕೆ ಸ್ವಲ್ಪ ಹಾಲು ಚಿಮುಕಿಸಿ ಮಿದ್ದರೆ ದಾರಿಗೆ ಬರುತ್ತದೆ.

ಎಲ್ಲ ಉಂಡೆಗಳನ್ನೂ ತುಂಬಿಡುವ ಮುನ್ನ ಒಂದನ್ನು ಮಾತ್ರ ಬಾಳೆಲೆಯ ಮೇಲೆ ತಟ್ಟಿ ಬೇಯಿಸಿ ನೋಡಿ. ಒಡೆದರೆ ಕಣಕಕ್ಕೆ ಒಣಹಿಟ್ಟು ಸುರಿಯಬೇಡಿ. ಹರಿಯುವುದು ನಿಂತರೂ ಒಬ್ಬಟ್ಟು ಚರ್ಮದಂತೆ ಬಿರುಸಾಗುತ್ತದೆ. ಹೂರಣವನ್ನು ಮತ್ತೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಬಾಡಿಸಿ, ಪೂರ್ತಿ ಆರಲು ಬಿಡಿ. ಅಷ್ಟರಲ್ಲಿ ನೆಂಟರಿಗೆ ಕೋಸಂಬರಿ ಬಡಿಸಬಹುದು.