ಇಲ್ಲದ ಕಿಟಕಿ

ಮಸುಕಾದ ಚಿತ್ರವನ್ನು ಸ್ಪಷ್ಟಗೊಳಿಸುವುದೆಂದರೆ ಇದ್ದುದನ್ನು ಕಾಣಿಸುವುದೇ, ಇರಬಹುದಾದುದನ್ನು ಸೇರಿಸುವುದೇ? ಹಾವೇರಿಯಲ್ಲಿ ಮನೆಗಳ ನಕ್ಷೆ ಬರೆಯುವ ನನಗೆ ಈ ಪ್ರಶ್ನೆ ಈಗ ಕೆಲಸದ ಮೇಜಿನ ಮೇಲೇ ಎದುರಾಗುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಯನ್ನು ತೆಗೆದುಕೊಳ್ಳೋಣ. ಮುಂಭಾಗ 30 ಅಡಿ ಅಗಲ, ಎರಡು ಅಂತಸ್ತು. ಮೇಲಂತಸ್ತಿನಲ್ಲಿ ಎರಡೇ ಕಿಟಕಿ. ನಡುವಿನ ಖಾಲಿ ಗೋಡೆಯ ಹಿಂದೆ ದೇವರ ಮನೆ. ನಮ್ಮ ರೇಖಾಚಿತ್ರ ಕೊಟ್ಟು ಎಐ ಸಾಧನದಿಂದ ಮಾಡಿಸಿದ ರೆಂಡರ್ 1024 ಪಿಕ್ಸೆಲ್ ಅಗಲ, 768 ಎತ್ತರವಿತ್ತು. ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಮನೆಯವರಿಗೆ ರಾಣೇಬೆನ್ನೂರಿನಲ್ಲಿ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಭೂಮಿಪೂಜೆಯ ದಿನ ಇಡುವ ಆಸೆ. “ಕಿಡಕಿ ಮಸಕ ಕಾಣಸ್ತಾವ್ರಿ ಸರ, ಸ್ವಲ್ಪ ಕ್ಲಿಯರ್ ಮಾಡಿ ಕೊಡ್ರಿ” ಎಂದರು.

ಚಿತ್ರದಲ್ಲಿ ಮನೆ ಹಿಡಿದಿದ್ದ ಜಾಗ ಸುಮಾರು 600 ಪಿಕ್ಸೆಲ್. ಅಂದರೆ ಒಂದು ಅಡಿಗೆ 20. ನಾಲ್ಕು ಅಡಿಯ ಕಿಟಕಿಗೆ 80 ಪಿಕ್ಸೆಲ್ ಸಿಕ್ಕಿವೆ. ಅರ್ಧ ಇಂಚಿನ ಗ್ರಿಲ್ ಸರಳಿಗೆ ಒಂದು ಪಿಕ್ಸೆಲ್ಲೂ ಪೂರ್ತಿ ಸಿಕ್ಕಿಲ್ಲ. ಕಿಟಕಿ ಎಲ್ಲಿದೆ, ಎಷ್ಟಗಲ ಎಂಬುದು ಚಿತ್ರಕ್ಕೆ ಗೊತ್ತು. ಗ್ರಿಲ್ ಹೇಗಿದೆ ಎಂಬುದು ಗೊತ್ತಿಲ್ಲ. ಆ ಮಸುಕು ಒಂದು ಬಗೆಯ ಪ್ರಾಮಾಣಿಕತೆ.

ಚಿತ್ರವನ್ನು ಹಿಗ್ಗಿಸಲು ಎರಡು ದಾರಿಗಳಿವೆ. ಲಾಂಜೋಸ್‌ನಂಥ ಹಳೆಯ ವಿಧಾನ ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಲೆಕ್ಕಹಾಕಿ ನಡುವಿನದನ್ನು ತುಂಬುತ್ತದೆ. ಅದು ಹೊಸ ವಸ್ತುವನ್ನು ತರುವುದಿಲ್ಲ, ಆದರೆ ಮೆದುವಾಗಿ ಕಾಣುತ್ತದೆ. ಎರಡನೆಯದು ಚಿತ್ರವನ್ನು ತುಂಡು ತುಂಡಾಗಿಸಿ, ಪ್ರತಿ ತುಂಡಿಗೂ ಸ್ವಲ್ಪ ಗದ್ದಲ ಬೆರೆಸಿ, ನಾವು ಕೊಟ್ಟ ವಿವರಣೆಯಂತೆ ಮತ್ತೆ ಬಿಡಿಸುತ್ತದೆ. ತೊಡಕು ಹುಟ್ಟುವುದು ಇಲ್ಲಿ. ಖಾಲಿ ಗೋಡೆಯಷ್ಟೇ ಇರುವ ತುಂಡಿಗೂ ‘ಕಿಟಕಿಗಳಿರುವ ಎರಡಂತಸ್ತಿನ ಮನೆ’ ಎಂಬ ವಿವರಣೆಯೇ ಹೋದರೆ, ಅದು ಅಲ್ಲೂ ಒಂದು ಕಿಟಕಿ ಇಡುತ್ತದೆ. ಮೊದಲ ಪರೀಕ್ಷೆಯಲ್ಲಿ ದೇವರ ಮನೆಯ ಗೋಡೆಗೆ ಬಂದ ಕಿಟಕಿಗೆ ಸಜ್ಜಾ ಇತ್ತು, ಸಜ್ಜಾದ ನೆರಳೂ ಸರಿಯಾದ ದಿಕ್ಕಿಗೇ ಬಿದ್ದಿತ್ತು.

ಆದ್ದರಿಂದ ನಾನು ಮೊದಲು ಲಾಂಜೋಸ್‌ನಲ್ಲಿ ನಾಲ್ಕು ಪಟ್ಟು ಹಿಗ್ಗಿಸುತ್ತೇನೆ: 4096 ಅಗಲ, 3072 ಎತ್ತರ. ಆಮೇಲೆ ಮರುಬಿಡಿಸುವ ಪ್ರಮಾಣವನ್ನು 0.2ರ ಆಸುಪಾಸಿನಲ್ಲಿಟ್ಟು, ವಿವರಣೆಯಿಂದ ಮನೆ, ಕಿಟಕಿ ಎಂಬ ಮಾತುಗಳನ್ನು ತೆಗೆದು ‘ಗಿಲಾವಿನ ಗೋಡೆ, ಬೆಳಗಿನ ಬೆಳಕು’ ಎಂದಷ್ಟೇ ಉಳಿಸುತ್ತೇನೆ. ಅಂಚುಗಳನ್ನು ಚೂಪು ಮಾಡುವುದು ಕೊನೆಗೆ, ಅದೂ ಸ್ವಲ್ಪವೇ; ತಾರಸಿಯ ಗೆರೆಯುದ್ದಕ್ಕೂ ಬಿಳಿ ಅಂಚು ಮೂಡಿದರೆ ಹೆಚ್ಚಾಯಿತೆಂದು ಅರ್ಥ. ಅಳತೆ ಕೆಡುವುದು ಹೆಚ್ಚಾಗಿ ಪ್ರಿಂಟಿನ ಹೊತ್ತಿಗೆ. ಈ ಚಿತ್ರವನ್ನು 36ಕ್ಕೆ 24 ಇಂಚಿನ ಸಿದ್ಧ ಚೌಕಟ್ಟಿಗೆ ಅಮುಕಿದರೆ ಹತ್ತು ಅಡಿಯ ಅಂತಸ್ತು ಒಂಬತ್ತು ಅಡಿಗಿಂತ ಗಿಡ್ಡವಾಗಿ ಕಾಣುತ್ತದೆ. ಅದರ ಬದಲು 32 ಇಂಚು ಅಗಲದಲ್ಲೇ ಉಳಿಸಿ, ಎರಡೂ ಬದಿಗೆ ಎರಡೆರಡು ಇಂಚು ಬಿಳಿ ಜಾಗ ಬಿಡಬೇಕು.

ಪರೀಕ್ಷೆ ಸರಳ. ದೊಡ್ಡ ಚಿತ್ರವನ್ನು ಮತ್ತೆ 1024ಕ್ಕೆ ಇಳಿಸಿ, ಮೂಲದ ಮೇಲಿಟ್ಟು, ಎರಡರ ವ್ಯತ್ಯಾಸವನ್ನಷ್ಟೇ ತೋರಿಸಲು ಹೇಳಿದರೆ ಪರದೆ ಹೆಚ್ಚುಕಡಿಮೆ ಕಪ್ಪಾಗಿರಬೇಕು. ಕಿಟಕಿ ಹೆಚ್ಚಾಗಿದ್ದರೆ ಆ ಕಪ್ಪಿನಲ್ಲಿ ಅದು ಹೊಳೆಯುತ್ತದೆ. ಆದರೆ ಈ ಪರೀಕ್ಷೆಗೂ ಮಿತಿಯಿದೆ. ಚಿತ್ರ ಕುಗ್ಗಿದಾಗ ಗ್ರಿಲ್ಲಿನ ಸರಳುಗಳು ಕರಗಿಹೋಗುವುದರಿಂದ, ಅವು ನಿಜವೋ ಕಲ್ಪಿತವೋ ಎಂದು ಅದು ಹೇಳಲಾರದು. ಸೇರಿಸಿದ್ದು ಗೊತ್ತಿದ್ದುದಕ್ಕೆ ವಿರುದ್ಧವಾಗಿಲ್ಲ ಎಂದಷ್ಟೇ ಅದರ ಸಾಕ್ಷಿ. ಸತ್ಯವೇ ಎಂದು ತಿಳಿಯಲು ನಕ್ಷೆಗೇ ಹೋಗಬೇಕು.

ಇದು ಎಐ ಕಾಲದ ರೋಗವೂ ಅಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸಲ್, ಜೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತಿವೆ ಎಂದು ತೋರಿಸಿದರು. ಕಟ್ಟಡವೊಂದರ ನಕ್ಷೆಯಲ್ಲಿ ಬೇರೆ ಬೇರೆ ವಿಸ್ತೀರ್ಣದ ಮೂರು ಕೋಣೆಗಳ ಮೇಲೂ 14.13 ಚದರ ಮೀಟರ್ ಎಂದೇ ಬಂದಿತ್ತು. ಜಾಗ ಉಳಿಸಲು ಯಂತ್ರ ಒಂದೇ ಬಗೆಯಾಗಿ ಕಂಡ ತುಣುಕುಗಳಿಗೆ ಒಂದೇ ತುಣುಕನ್ನು ಮತ್ತೆ ಮತ್ತೆ ಬಳಸುತ್ತಿತ್ತು. ಅಕ್ಷರ ಮಸುಕಾಗಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರು. ಅವು ಸ್ಫುಟವಾಗಿದ್ದವು, ಹಾಗಾಗಿ ನಂಬಿದರು.

ಸ್ಪಷ್ಟತೆಯನ್ನು ನಾವು ಜ್ಞಾನದ ಗುರುತೆಂದು ಓದುತ್ತೇವೆ. ಮಸುಕು ‘ನನಗೆ ತಿಳಿಯದು’ ಎನ್ನುತ್ತದೆ. ಚೂಪಾದ ಗೆರೆ ‘ನೋಡಿದ್ದೇನೆ’ ಎನ್ನುತ್ತದೆ. ಈ ಚಿತ್ರವನ್ನು ನೋಡಿ ಗೌಂಡಿ ಗೋಡೆ ಬಿಡುತ್ತಾನೆ, ಮನೆಯವರು ಸಾಲದ ಲೆಕ್ಕ ಹಾಕುತ್ತಾರೆ. ಅವರ ಪಾಲಿಗೆ ಅದು ಮಾತು ಕೊಟ್ಟಂತೆ. ನೋಡದಿದ್ದುದನ್ನು ನೋಡಿದೆನೆಂದು ಹೇಳುವ ಚಿತ್ರ ಎಷ್ಟೇ ಚಂದವಿದ್ದರೂ ಸುಳ್ಳುಸಾಕ್ಷಿಯೇ.

ಬ್ಯಾಡಗಿಯ ಮನೆಯ ಪ್ರಿಂಟಿನಲ್ಲಿ ಗೋಡೆ, ಸಜ್ಜಾ, ಕಿಟಕಿಯ ಅಂಚು ಖಚಿತವಾಗಿವೆ; ಗ್ರಿಲ್ ಮಾತ್ರ ಮಸುಕಾಗಿಯೇ ಉಳಿದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೆ: “ಗ್ರಿಲ್ ವಿನ್ಯಾಸ ಇನ್ನೂ ಆಗಬೇಕಿದೆ.”