ಮತ ಒಬ್ಬರದು, ಫಲ ಇನ್ನೊಬ್ಬರದು

ಒಂದು ಆಸ್ತಿಯ ಒಡೆಯ ಯಾರು? ಅದರ ಮೇಲೆ ಮಾತು ನಡೆಸುವವನೋ, ಅದರ ಫಲ ಉಣ್ಣುವವನೋ? ಗೇಣಿ ಹೊಲದ ಕಾಲದವರಿಗೆ ಈ ಪ್ರಶ್ನೆ ಹೊಸದಲ್ಲ. ಷೇರು ಕೊಳ್ಳುವ ನಮಗೆ ಇದು ಅಷ್ಟಾಗಿ ಹೊಳೆಯುವುದಿಲ್ಲ, ಏಕೆಂದರೆ ನಮ್ಮ ಹತ್ತು ಷೇರುಗಳ ಮತವೂ ಡಿವಿಡೆಂಡೂ ನಮ್ಮದೇ.

ವಿಪ್ರೋವನ್ನು ನೋಡಿ. ಲಿಸ್ಟೆಡ್ ಕಂಪನಿಗಳು ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ಷೇರುದಾರರ ಪಟ್ಟಿ ಕೊಡಬೇಕು. ವಿಪ್ರೋದ ಪಟ್ಟಿಯಲ್ಲಿ ಪ್ರವರ್ತಕರ ಪಾಲು ಮುಕ್ಕಾಲಿನ ಹತ್ತಿರ ಇದೆ. ಅದರ ಬಹುಭಾಗ ಹಾಶಮ್ ಟ್ರೇಡರ್ಸ್, ಪ್ರಾಜಿಮ್ ಟ್ರೇಡರ್ಸ್, ಜ್ಯಾಶ್ ಟ್ರೇಡರ್ಸ್ ಎಂಬ ಪಾಲುದಾರಿಕೆ ಸಂಸ್ಥೆಗಳದು. ಇಂಥ ಸಂಸ್ಥೆಗೆ ಕಾನೂನಿನಲ್ಲಿ ಸ್ವತಂತ್ರ ವ್ಯಕ್ತಿತ್ವವಿಲ್ಲವಾದ್ದರಿಂದ ದಾಖಲೆಯಲ್ಲಿ ಅಜೀಂ ಪ್ರೇಮ್‌ಜಿಯವರ ಹೆಸರಿದ್ದು, ಅವರು ಆ ಸಂಸ್ಥೆಯನ್ನು ಪ್ರತಿನಿಧಿಸುವ ಪಾಲುದಾರ ಎಂದು ಬರೆದಿರುತ್ತದೆ. ಓದಿದವರಿಗೆ ಅನ್ನಿಸುವುದು ಒಂದೇ: ಇದು ಒಂದು ಕುಟುಂಬದ ಸ್ವತ್ತು.

ಆದರೆ 2019ರ ಮಾರ್ಚ್‌ನಲ್ಲಿ ಪ್ರೇಮ್‌ಜಿ ತಮ್ಮ ಹಿಡಿತದ ಸಂಸ್ಥೆಗಳಲ್ಲಿದ್ದ ಸುಮಾರು ಶೇ. 34ರಷ್ಟು ವಿಪ್ರೋ ಷೇರುಗಳ ಆರ್ಥಿಕ ಲಾಭವನ್ನು ದತ್ತಿಗೆ ಬಿಟ್ಟುಕೊಟ್ಟರು. ಮೊದಲು ಕೊಟ್ಟದ್ದೂ ಸೇರಿ ದತ್ತಿಯ ಪಾಲು ಶೇ. 67 ಆಯಿತು. ಅಂದರೆ ಕಂಪನಿ ಒಟ್ಟು ನೂರು ರೂಪಾಯಿ ಡಿವಿಡೆಂಡ್ ಹಂಚಿದರೆ, ಆಗಿನ ಲೆಕ್ಕದಲ್ಲಿ ಪ್ರವರ್ತಕರ ಕಡೆಗೆ ಬರುವ ಸುಮಾರು 74 ರೂಪಾಯಿಯಲ್ಲಿ 67 ದತ್ತಿಗೇ ಹೋಗುತ್ತದೆ. ಷೇರುಪೇಟೆಯ ಪಟ್ಟಿ ತೋರಿಸುವುದು 74ನ್ನು ಮಾತ್ರ. 67 ಅದರೊಳಗೆ ಅಡಗಿದೆ. ಬಿಟ್ಟುಕೊಟ್ಟದ್ದು ಲಾಭ, ಆಡಳಿತದ ಹಿಡಿತವಲ್ಲ.

ಇದನ್ನು ಅರ್ಧ ದಾನ ಎನ್ನಬಹುದೇ? ನಾನು ಎನ್ನಲಾರೆ. ಹಿಡಿತ ಚದುರಿ ಕಂಪನಿ ಕೈತಪ್ಪಿದರೆ ದತ್ತಿಯ ಆದಾಯಕ್ಕೂ ಅಪಾಯವಿದೆ. ಆದರೂ ಹಣ ಬಿಡುವುದಕ್ಕಿಂತ ಅಧಿಕಾರ ಬಿಡುವುದು ಕಷ್ಟ ಎಂಬುದನ್ನು ಮರೆತು ಎರಡನ್ನೂ ಒಂದೇ ಎಂದು ಹೊಗಳುವುದು ಸರಿಯಲ್ಲ.

ಕಾನೂನೂ ಇಲ್ಲಿ ಒಂದು ಕಡೆ ವಾಲುತ್ತದೆ. ಷೇರಿನ ಹಿಂದಿರುವ ನಿಜವಾದ ಮನುಷ್ಯ ಯಾರೆಂದು ತಿಳಿಸಬೇಕೆಂಬ 2018ರ ನಿಯಮಗಳಿವೆ. ಫಲಾನುಭವಿಗಳು ನಿಗದಿಯಾಗಿರುವ ಟ್ರಸ್ಟ್ ಆದರೆ ಫಲಾನುಭವಿಯ ಹೆಸರು ಹೇಳಬೇಕು, ಹಿಂಪಡೆಯಬಹುದಾದ ಟ್ರಸ್ಟ್ ಆದರೆ ಅದನ್ನು ಮಾಡಿದವರ ಹೆಸರು. ಧರ್ಮಾರ್ಥ ಟ್ರಸ್ಟ್ ಆದರೆ ಟ್ರಸ್ಟಿಯ ಹೆಸರು. ಅಂದರೆ ತನಗಾಗಿ ಒಂದು ರೂಪಾಯಿಯನ್ನೂ ಮುಟ್ಟಬಾರದವನೇ ದಾಖಲೆಯಲ್ಲಿ ‘ಲಾಭದ ಒಡೆಯ’! ತಮಾಷೆಯಾಗಿ ಕಂಡರೂ ಕಾರಣವಿದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೆಲಸ ಮಾಡುವ ಯಾದಗಿರಿಯ ಸರ್ಕಾರಿ ಶಾಲೆಗಳ ಮಕ್ಕಳನ್ನೆಲ್ಲ ಪಟ್ಟಿಗೆ ಸೇರಿಸಲಾಗದು; ಕೇಳಿದರೆ ಉತ್ತರ ಕೊಡಬಲ್ಲವನು ಟ್ರಸ್ಟಿ ಮಾತ್ರ.

ಆದರೆ ಆ ಮಕ್ಕಳ ಪರವಾಗಿ ಕೇಳುವವರು ಯಾರು? ಷೇರುದಾರನಿಗೆ ವಾರ್ಷಿಕ ಸಭೆಯಾದರೂ ಇದೆ. ಪ್ರವರ್ತಕರ ಹೆಸರಿನ ಪಕ್ಕದಲ್ಲಿ, ಈ ಷೇರಿನ ಡಿವಿಡೆಂಡ್ ಕೊನೆಗೆ ಸೇರುವುದು ಯಾವ ಉದ್ದೇಶಕ್ಕೆ ಎಂಬ ಒಂದು ಕಾಲಂ ಇದ್ದಿದ್ದರೆ, ಕೇಳುವವರಿಗೆ ಎಲ್ಲಿಂದ ಶುರುಮಾಡಬೇಕೆಂದಾದರೂ ತಿಳಿಯುತ್ತಿತ್ತು.